ಬೇಸಾಯವೇ ಅಸಮಾನತೆ ತಂದಿತೇ? ಮೂಳೆ, ಕಣಜ ಮತ್ತು ಮನೆಯ ಅಳತೆ ಹೇಳುವುದೇನು

ಯುರೋಪಿನ ಮೊದಲ ರೈತರು ತಮ್ಮ ವಂಶವಾಹಿಗಳ ಪ್ರಕಾರ ಬೆಳೆಯಬೇಕಿದ್ದ ಎತ್ತರಕ್ಕಿಂತ ಸುಮಾರು 3.8 ಸೆಂಟಿಮೀಟರ್ ಗಿಡ್ಡಗಿದ್ದರು ಎಂದು 2022ರಲ್ಲಿ ಒಂದು ಅಧ್ಯಯನ ಹೇಳಿತು. ಬೇಸಾಯಕ್ಕೆ ಇಳಿದ ಮನುಷ್ಯ ಮೋಸಹೋದ ಎಂಬ ಹಳೆಯ ವಾದಕ್ಕೆ ಇದರಿಂದ ಬಲ ಬಂತು. 2025ರ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಜಗತ್ತಿನ ಸಾವಿರಕ್ಕೂ ಹೆಚ್ಚು ಪ್ರಾಚೀನ ನೆಲೆಗಳ ಸುಮಾರು 50 ಸಾವಿರ ಮನೆಗಳನ್ನು ಅಳೆದ ಪುರಾತತ್ವಜ್ಞರು, ಬೇಸಾಯ ಬಂದ ಕಡೆಯೆಲ್ಲ ಬಡವ ಬಲ್ಲಿದ ಎಂಬ ಭೇದ ತಾನಾಗಿ ಹುಟ್ಟಲಿಲ್ಲ ಎಂದರು. ಅದಾದ ಎರಡೇ ತಿಂಗಳಿಗೆ ಟರ್ಕಿಯ ಚತಲ್‌ಹೊಯುಕ್ ಎಂಬ 9,000 ವರ್ಷ ಹಳೆಯ ರೈತರ ಊರಿನ ಡಿಎನ್‌ಎ ಫಲಿತಾಂಶ ಪ್ರಕಟವಾಯಿತು. ಅಲ್ಲಿ ಮನೆತನದ ಎಳೆ ತಾಯಿಯ ಕಡೆಯಿಂದ ಸಾಗುತ್ತಿತ್ತು, ಹೆಣ್ಣುಮಕ್ಕಳು ಹುಟ್ಟಿದ ಮನೆಯ ನಂಟಿನಲ್ಲೇ ಉಳಿಯುತ್ತಿದ್ದರು ಎಂದು ಅದು ತೋರಿಸಿತು.

ಮೂರನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಬೇಸಾಯ ಕೆಡುಕು ತಂದಿತೇ, ಇಲ್ಲವೇ? ಈ ಗೊಂದಲದ ಬೇರು ಪ್ರಶ್ನೆಯಲ್ಲೇ ಇದೆ. ದೇಹದ ಮೇಲಾದ ಪರಿಣಾಮ, ಆಸ್ತಿಯ ಹುಟ್ಟು, ಅಸಮಾನತೆಯ ಏರಿಕೆ ಎಂಬ ಮೂರನ್ನೂ ಒಂದೇ ದಿನ ನಡೆದ ಒಂದೇ ಘಟನೆಯಂತೆ ನಾವು ಭಾವಿಸುತ್ತೇವೆ. ನಿಜದಲ್ಲಿ ಅವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಂದ ಆದ ಬದಲಾವಣೆಗಳು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಸಾವಿರ ವರ್ಷಕ್ಕೂ ಹೆಚ್ಚಿನ ಅಂತರವಿದೆ. ಆ ಅಂತರದಲ್ಲಿ ಏನಾಯಿತು ಎಂಬುದೇ ಇಲ್ಲಿ ಮುಖ್ಯ.

ಮೂಳೆಯಲ್ಲಿ ಉಳಿದ ಗುರುತು

ಸಿರಿಯಾದ ಯೂಫ್ರಟಿಸ್ ನದಿಯ ದಂಡೆಯಲ್ಲಿ ಅಬು ಹುರೈರಾ ಎಂಬ ನೆಲೆಯಿತ್ತು. ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುನ್ನ, 1972 ಮತ್ತು 1973ರಲ್ಲಿ, ಅದನ್ನು ತರಾತುರಿಯಲ್ಲಿ ಅಗೆಯಲಾಯಿತು. ಅಲ್ಲಿನ ಜನ ಮೊದಲು ಬೇಟೆಯಾಡಿ, ಕಾಡುಕಾಳು ಆಯ್ದು ಬದುಕಿದವರು, ಕ್ರಮೇಣ ರೈತರಾದವರು. ಅಲ್ಲಿ ಸಿಕ್ಕ ಹೆಂಗಸರ ಮೂಳೆಗಳಲ್ಲಿ ಒಂದೇ ಬಗೆಯ ಸವೆತ ಮತ್ತೆ ಮತ್ತೆ ಕಂಡಿತು. ಕಾಲಿನ ಹೆಬ್ಬೆರಳಿನ ಕೀಲು ಹಿಂದಕ್ಕೆ ಬಾಗಿ ಸವೆದಿತ್ತು, ಮಂಡಿಯ ಮೂಳೆಯ ಮೇಲೆ ಒತ್ತಡದ ಗುರುತಿತ್ತು, ಬೆನ್ನಿನ ಕೆಳಭಾಗ ಹಾಳಾಗಿತ್ತು. ನೆಲದ ಮೇಲೆ ಮಂಡಿಯೂರಿ, ಕಾಲ್ಬೆರಳನ್ನು ಮಡಚಿ ಊರಿ, ಇಡೀ ಮೈಭಾರವನ್ನು ಮುಂದಕ್ಕೂ ಹಿಂದಕ್ಕೂ ತಳ್ಳುತ್ತ ಕಲ್ಲಿನ ಮೇಲೆ ಕಾಳು ಅರೆಯುವವರಲ್ಲಿ ಈ ಮೂರೂ ಒಟ್ಟಿಗೆ ಕಾಣಿಸುತ್ತವೆ. ಮನೆಮಂದಿಗೆ ಬೇಕಾದ ಹಿಟ್ಟಿಗೆ ದಿನವೂ ಗಂಟೆಗಟ್ಟಲೆ ಈ ಕೆಲಸ ನಡೆಯಬೇಕಿತ್ತು. ಅರೆಯುವಾಗ ಉದುರಿದ ಕಲ್ಲಿನ ಚೂರು ಹಿಟ್ಟಿಗೆ ಸೇರಿ ತಿನ್ನುವವರ ಹಲ್ಲು ಮುಕ್ಕಾಗುತ್ತಿತ್ತು.

ಚತಲ್‌ಹೊಯುಕ್‌ನಲ್ಲಿ ಚಿತ್ರ ಇನ್ನೂ ವಿವರವಾಗಿ ಸಿಗುತ್ತದೆ. ಕ್ರಿ.ಪೂ. 7100ರ ಸುಮಾರಿನಿಂದ ಕ್ರಿ.ಪೂ. 5950ರವರೆಗೆ ಜನ ಅಲ್ಲಿ ಎಡೆಬಿಡದೆ ವಾಸಿಸಿದರು. ಬೀದಿಗಳಿಲ್ಲದ ಊರು ಅದು. ಮಣ್ಣಿನ ಮನೆಗಳು ಗೋಡೆಗೆ ಗೋಡೆ ತಾಗಿಕೊಂಡಿದ್ದವು. ಮಾಳಿಗೆಯ ಕಂಡಿಯಿಂದ ಏಣಿ ಇಳಿದು ಒಳಗೆ ಹೋಗಬೇಕಿತ್ತು. ಸತ್ತವರನ್ನು ಮಲಗುವ ಜಗಲಿಯ ಕೆಳಗೇ ಹೂಳುತ್ತಿದ್ದರು. ಹೀಗಾಗಿ ಯಾವ ಕಾಲದವರು, ಯಾವ ಮನೆಯವರು ಎಂಬ ಮಾಹಿತಿಯ ಸಮೇತ ನೂರಾರು ಅಸ್ಥಿಪಂಜರಗಳು ದೊರೆತಿವೆ.

2019ರಲ್ಲಿ ಕ್ಲಾರ್ಕ್ ಲಾರ್ಸೆನ್ ಮತ್ತು ಸಂಗಡಿಗರು ಅಲ್ಲಿನ 742 ಜನರ ಅವಶೇಷಗಳ ಅಧ್ಯಯನ ಪ್ರಕಟಿಸಿದರು. ವಯಸ್ಕರ ಹಲ್ಲುಗಳಲ್ಲಿ ಶೇಕಡ 10ರಿಂದ 13ರಷ್ಟು ಹುಳುಕಾಗಿದ್ದವು. ಕಾಳಿನ ಅಂಟು ಪಿಷ್ಟ ಹಲ್ಲಿನ ಸಂದಿಯಲ್ಲಿ ಕೂತು, ಬಾಯಿಯ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ, ಅವು ಬಿಡುವ ಆಮ್ಲ ಹಲ್ಲನ್ನು ಕೊರೆಯುತ್ತಿತ್ತು. ಊರಿನ ಮೊದಲ ಹಂತದವರಲ್ಲಿ ಮೂರನೇ ಒಂದರಷ್ಟು ಜನರ ಮೂಳೆಗಳಲ್ಲಿ ಸೋಂಕಿನ ಗುರುತಿತ್ತು. ಗೋಡೆ ಮತ್ತು ನೆಲವನ್ನು ಮತ್ತೆ ಮತ್ತೆ ಸಾರಿಸಿ ಚೊಕ್ಕಟವಾಗಿ ಇಟ್ಟಿದ್ದ ಮನೆಗಳೇ ಅವು. ಆದರೂ ಆ ಮಣ್ಣಿನಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಮಲದ ಅಂಶ ಸಿಕ್ಕಿದೆ. ಕುರಿದೊಡ್ಡಿ, ತಿಪ್ಪೆ ಎಲ್ಲವೂ ಗೋಡೆಯ ಆಚೆಗೇ ಇದ್ದವು. ಅಲೆಮಾರಿ ಗುಂಪು ಕೆಲವು ವಾರಗಳಲ್ಲಿ ತನ್ನ ಕೊಳೆಯನ್ನು ಹಿಂದೆ ಬಿಟ್ಟು ಮುಂದಕ್ಕೆ ಹೋಗುತ್ತದೆ. ಕೊಳೆಯ ಜೊತೆ ಅದರ ಹುಳುಗಳೂ ಹಿಂದೆ ಉಳಿಯುತ್ತವೆ. ಹೊಲ, ಮನೆ, ಕೂಡಿಟ್ಟ ಕಾಳು ಇರುವವರಿಗೆ ಹಾಗೆ ಎದ್ದು ಹೋಗುವ ದಾರಿ ಇರಲಿಲ್ಲ.

ಒತ್ತೊತ್ತಾಗಿ ಬದುಕಿದ್ದಕ್ಕೆ ಇನ್ನೊಂದು ಗುರುತೂ ಇದೆ. ಪರೀಕ್ಷಿಸಿದ 93 ತಲೆಬುರುಡೆಗಳಲ್ಲಿ 25ರಲ್ಲಿ ಮಾಗಿದ ಪೆಟ್ಟುಗಳಿದ್ದವು, 12ರಲ್ಲಿ ಒಂದಕ್ಕಿಂತ ಹೆಚ್ಚು. ಪೆಟ್ಟು ಹೆಚ್ಚಾಗಿ ನೆತ್ತಿಗೆ ಮತ್ತು ಹಿಂದಲೆಗೆ ಬಿದ್ದಿತ್ತು. ಗಾಯದ ಅಳತೆ ಅಲ್ಲಿ ಸಿಕ್ಕಿರುವ ಗಟ್ಟಿ ಮಣ್ಣಿನ ಉಂಡೆಗಳಿಗೆ ಹೊಂದುತ್ತಿತ್ತು. ಪೆಟ್ಟು ತಿಂದವರಲ್ಲಿ ಹೆಂಗಸರೇ ಅರ್ಧಕ್ಕಿಂತ ಹೆಚ್ಚು. ಊರಿನಲ್ಲಿ ಜನ ಹೆಚ್ಚಾಗಿದ್ದ ಕಾಲದಲ್ಲೇ ಇಂಥ ಗಾಯಗಳೂ ಹೆಚ್ಚು.

ಆದರೆ ಮೂಳೆಯನ್ನು ಹಾಗೇ ನಂಬಬಹುದೇ?

1992ರಲ್ಲಿ ಜೇಮ್ಸ್ ವುಡ್ ಮತ್ತು ಸಹಲೇಖಕರು ಎತ್ತಿದ ಆಕ್ಷೇಪವನ್ನು ಇಲ್ಲಿ ಬಿಡುವಂತಿಲ್ಲ. ಮೂವರನ್ನು ಊಹಿಸಿಕೊಳ್ಳಿ. ಮೊದಲನೆಯವನಿಗೆ ಕಾಯಿಲೆ ಬರಲೇ ಇಲ್ಲ. ಎರಡನೆಯವನಿಗೆ ಸೋಂಕು ತಗುಲಿತು, ಆದರೆ ಅವನು ಅದನ್ನು ತಾಳಿಕೊಂಡು ವರ್ಷಗಟ್ಟಲೆ ಬದುಕಿದ. ಮೂರನೆಯವನು ಅದೇ ಸೋಂಕಿಗೆ ಒಂದು ವಾರದಲ್ಲಿ ಸತ್ತ. ಮೂಳೆಯ ಮೇಲೆ ಗುರುತು ಮೂಡಲು ತಿಂಗಳುಗಳೇ ಬೇಕು. ಹೀಗಾಗಿ ಗುರುತು ಇರುವುದು ಎರಡನೆಯವನಲ್ಲಿ ಮಾತ್ರ. ಮೊದಲನೆಯವನೂ ಮೂರನೆಯವನೂ ನೋಡಲು ಒಂದೇ ಥರ, ಆರೋಗ್ಯವಂತರಂತೆ ಕಾಣುತ್ತಾರೆ. ಹಾಗಿದ್ದರೆ ರೈತರ ಮೂಳೆಯಲ್ಲಿ ಗುರುತು ಹೆಚ್ಚಾಗಿರುವುದು ಅವರು ಕಾಯಿಲೆ ಬಿದ್ದೂ ಬದುಕಿ ಉಳಿದರು ಎಂಬುದಕ್ಕೆ ಸಾಕ್ಷಿಯಾಗಲೂಬಹುದಲ್ಲವೇ?

ಈ ಆಕ್ಷೇಪ ಗಟ್ಟಿಯಾದದ್ದು. ಇದಕ್ಕೆ ಉತ್ತರ ಬೇಕೆಂದರೆ ಒಂದೇ ಗುರುತನ್ನು ನೆಚ್ಚಬಾರದು. ಎತ್ತರದ ಅಧ್ಯಯನಕ್ಕೆ ಬೆಲೆ ಬರುವುದು ಇಲ್ಲಿಯೇ. ಗಿಡ್ಡಗಿರುವುದಕ್ಕೆ ವಂಶವೂ ಕಾರಣವಿರಬಹುದು ಎಂಬ ಅನುಮಾನ ಮೊದಲಿನಿಂದ ಇತ್ತು. 2022ರ ಅಧ್ಯಯನ ಒಬ್ಬೊಬ್ಬರ ಡಿಎನ್‌ಎಯಿಂದ ನಿರೀಕ್ಷಿತ ಎತ್ತರವನ್ನು ಲೆಕ್ಕಹಾಕಿ, ಅದೇ ವ್ಯಕ್ತಿಯ ಮೂಳೆಯಿಂದ ಸಿಕ್ಕ ನಿಜವಾದ ಎತ್ತರದ ಪಕ್ಕದಲ್ಲಿಟ್ಟು ನೋಡಿತು. ವಂಶದ ಪಾಲನ್ನು ಕಳೆದ ಮೇಲೂ ಕೊರತೆ ಉಳಿಯಿತು. ಎಳವೆಯಲ್ಲಿ ಊಟ ಸಾಲದಾಗಿತ್ತು, ಇಲ್ಲವೇ ತಿಂದದ್ದು ರೋಗದ ಜೊತೆಗಿನ ಹೋರಾಟದಲ್ಲಿ ಕರಗುತ್ತಿತ್ತು ಎಂದೇ ಇದನ್ನು ಓದಬೇಕಾಗುತ್ತದೆ. ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಹೀಗಾಯಿತು ಎನ್ನುವಂತಿಲ್ಲ. ಮೀನು, ಬೇಟೆ, ಕಾಡಿನ ಹಣ್ಣು ಬೇಸಾಯದ ಜೊತೆಗೇ ಉಳಿದುಕೊಂಡಲ್ಲಿ ಇಳಿತ ಕಡಿಮೆ. ಒಂದೇ ಧಾನ್ಯಕ್ಕೆ ಜೋತುಬಿದ್ದಲ್ಲಿ ಹೆಚ್ಚು.

ಆರೋಗ್ಯ ಇಳಿದರೂ ಜನ ಹೆಚ್ಚಿದ್ದು ಹೇಗೆ?

ಇದು ಸುಳ್ಳು ವೈರುಧ್ಯ. ಇದರ ಲೆಕ್ಕ ಸರಳವಾಗಿದೆ. ಅಲೆದಾಡುವ ತಾಯಿ ಮಗುವನ್ನು ಎತ್ತಿಕೊಂಡೇ ನಡೆಯಬೇಕು. ಕೂಸಿಗೆ ಕೊಡಬಹುದಾದ ಮೆತ್ತನೆಯ ಆಹಾರವೂ ಕಡಿಮೆ. ಹಾಗಾಗಿ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಎದೆಹಾಲೇ ಮುಖ್ಯ ಆಹಾರ. ಮಗು ಪದೇ ಪದೇ ಹಾಲು ಕುಡಿಯುತ್ತಿರುವಷ್ಟು ದಿನ ತಾಯಿಯ ಅಂಡೋತ್ಪತ್ತಿ ತಡೆಯಲ್ಪಡುತ್ತದೆ. ದಿನವಿಡೀ ನಡೆಯುವ ದೇಹದಲ್ಲಿ ಮಿಗುವ ಶಕ್ತಿ ಕಡಿಮೆಯಾದ್ದರಿಂದ ಈ ತಡೆ ಇನ್ನೂ ಗಟ್ಟಿ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಬೇಟೆ-ಸಂಗ್ರಹಣೆಯಿಂದ ಬದುಕುತ್ತಿದ್ದ ಕುಂಗ್ ಜನರಲ್ಲಿ ಎರಡು ಹೆರಿಗೆಗಳ ನಡುವೆ ಸುಮಾರು ನಾಲ್ಕು ವರ್ಷ ಅಂತರವಿದ್ದುದನ್ನು 20ನೇ ಶತಮಾನದಲ್ಲಿ ದಾಖಲಿಸಲಾಗಿದೆ. ನೆಲೆ ನಿಂತವರ ಮನೆಯಲ್ಲಿ ಗಂಜಿಯಿತ್ತು. ಮಗು ಬೇಗ ಹಾಲು ಬಿಟ್ಟಿತು, ತಾಯಿ ಬೇಗ ಮತ್ತೆ ಬಸುರಾದಳು.

ಲೆಕ್ಕಕ್ಕೆಂದು 20 ವರ್ಷದ ಹೆರಿಗೆಯ ಅವಧಿ ಇಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೊಂದರಂತೆ 5 ಮಕ್ಕಳು. ಅವರಲ್ಲಿ 3 ಮಕ್ಕಳು ದೊಡ್ಡವರಾಗುವ ಮುನ್ನ ಸತ್ತರೆ ಉಳಿಯುವುದು 2. ಅಪ್ಪ ಅಮ್ಮನ ಜಾಗಕ್ಕೆ ಇಬ್ಬರು, ಜನಸಂಖ್ಯೆ ಇದ್ದಲ್ಲೇ ಇರುತ್ತದೆ. ಎರಡೂವರೆ ವರ್ಷಕ್ಕೊಂದಾದರೆ 8 ಮಕ್ಕಳು. ಅವರಲ್ಲಿ 5 ಸತ್ತರೂ 3 ಉಳಿಯುತ್ತಾರೆ. ಸಾವಿನ ಪ್ರಮಾಣ ಶೇಕಡ 60ರಿಂದ 62.5ಕ್ಕೆ ಏರಿದೆ, ಅಂದರೆ ಒಂದೊಂದು ಮಗುವಿನ ಪಾಲಿಗೆ ಬದುಕು ಹದಗೆಟ್ಟಿದೆ. ಆದರೂ ಪ್ರತಿ ತಲೆಮಾರಿಗೆ ಜನಸಂಖ್ಯೆ ಅರ್ಧದಷ್ಟು ಹೆಚ್ಚುತ್ತದೆ. ನಿಜವಾದ ಏರಿಕೆ ಇದಕ್ಕಿಂತ ಬಹಳ ನಿಧಾನವಾಗಿತ್ತು, ಆದರೆ ದಿಕ್ಕು ಇದೇ. ಬೇಗ ಹಾಲು ಬಿಟ್ಟ ಕೂಸಿಗೆ ಕೊಳಕು ನೀರಿನ ಗಂಜಿಯಿಂದ ಭೇದಿ ತಗುಲುವ ಅಪಾಯವೂ ಹೆಚ್ಚು. ಹೆಚ್ಚು ಹುಟ್ಟು, ಹೆಚ್ಚು ಸಾವು ಎರಡಕ್ಕೂ ಗಂಜಿಯೇ ಕಾರಣ.

ಹೀಗೆ ಬೆಳೆದ ಊರು ಹಿಂದಕ್ಕೆ ಹೋಗಲಾರದು. ಬೇಟೆ-ಸಂಗ್ರಹಣೆಗೆ ತಲೆಯೊಂದಕ್ಕೆ ಬೇಕಾಗುವ ನೆಲ ಬೇಸಾಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೊಸದಾಗಿ ಹುಟ್ಟಿದವರನ್ನೆಲ್ಲ ಕಾಡು ಸಾಕುವುದಿಲ್ಲ. ಜನ ತಿಳಿದೂ ತಿಳಿದೂ ತಪ್ಪು ಆಯ್ಕೆ ಮಾಡಿದರು ಎಂಬ ಮಾತು ಇಲ್ಲಿ ಬಿದ್ದುಹೋಗುತ್ತದೆ. ಒಬ್ಬ ವ್ಯಕ್ತಿ ತನ್ನ ಜೀವಮಾನದಲ್ಲಿ ಈ ಬದಲಾವಣೆಯನ್ನು ಇಡಿಯಾಗಿ ಕಾಣುವುದು ಸಾಧ್ಯವೇ ಇರಲಿಲ್ಲ.

ಕಣಜ ಮನೆಯೊಳಗೆ ಬಂದಾಗ

ಇನ್ನು ಆಸ್ತಿಯ ಮಾತು. ಬೇಟೆಯ ಮಾಂಸವನ್ನು ಹಂಚಲೇಬೇಕು. ದೊಡ್ಡ ಪ್ರಾಣಿ ಸಿಕ್ಕರೆ ಒಂದು ಕುಟುಂಬ ತಿಂದು ಮುಗಿಸಲಾರದು, ಇಟ್ಟರೆ ಕೊಳೆಯುತ್ತದೆ, ನಾಳೆ ತನಗೆ ಬೇಟೆ ಸಿಗದಿರಬಹುದು. ಇಂದು ಕೊಟ್ಟದ್ದು ನಾಳೆಗೆ ಕಾಪು. ಬಿತ್ತಿದ ಕಾಳಿನ ಕಥೆ ಬೇರೆ. ಉತ್ತು, ಬಿತ್ತಿ, ಕಳೆ ತೆಗೆದು ತಿಂಗಳುಗಟ್ಟಲೆ ಕಾದ ಬೆಳೆಯನ್ನು ಕೇಳಿದವರಿಗೆಲ್ಲ ಕೊಡಬೇಕೆಂದರೆ ಬಿತ್ತುವವರೇ ಇರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಿತ್ತನೆಯ ಬೀಜವನ್ನು ಹಸಿವಿನ ಕಾಲದಲ್ಲೂ ತಿನ್ನದೆ ಕಾಯಬೇಕು. ಮೊದಲ ರೈತರು ಗಂಟೆಯ ದುಡಿಮೆಗೆ ಪಡೆದ ಆಹಾರ ಕಾಡಿನಿಂದ ಆಯ್ದದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಬೌಲ್ಸ್ 2011ರಲ್ಲಿ ಲೆಕ್ಕ ತೋರಿಸಿದರು. ಇಳುವರಿಯ ಆಸೆಯಿಂದ ಆಸ್ತಿ ಹುಟ್ಟಿತು ಎನ್ನುವುದಕ್ಕಿಂತ, ಬೆಳೆ ಮತ್ತು ಆಸ್ತಿ ಒಂದನ್ನೊಂದು ಕೈಹಿಡಿದು ಬಂದವು ಎಂಬುದು ಅವರ ವಾದ. ನನಗೂ ಇದೇ ಹೆಚ್ಚು ಸರಿ ಎನ್ನಿಸುತ್ತದೆ.

ಇದು ಕಟ್ಟಡಗಳಲ್ಲೇ ಕಾಣುತ್ತದೆ. ಜೋರ್ಡಾನಿನ ಧ್ರಾ ಎಂಬಲ್ಲಿ ಸುಮಾರು 11,300 ವರ್ಷ ಹಳೆಯ ಕಣಜಗಳು ಸಿಕ್ಕಿವೆ. ಗುಂಡಗಿನ, ಸುಮಾರು ಮೂರು ಮೀಟರ್ ಅಗಲದ ಕಟ್ಟಡಗಳು. ಒಳಗೆ ಕಲ್ಲುಗಳ ಮೇಲೆ ಎತ್ತರಿಸಿದ ನೆಲ. ಕೆಳಗೆ ಗಾಳಿಯಾಡಿದರೆ ತೇವ ಏರುವುದಿಲ್ಲ, ಇಲಿಯ ಕಾಟವೂ ಕಡಿಮೆ. ಅವುಗಳಲ್ಲಿ ಇಟ್ಟದ್ದು ಇನ್ನೂ ಪೂರ್ತಿ ಪಳಗದ ಧಾನ್ಯ. ಗಮನಿಸಬೇಕಾದದ್ದು ಅವು ಇದ್ದ ಜಾಗ: ಮನೆಗಳ ನಡುವಿನ ಬಯಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ಯಾರು ಎಷ್ಟು ತೆಗೆದರು ಎಂಬುದು ಗುಟ್ಟಾಗಿರುವುದು ಸಾಧ್ಯವಿರಲಿಲ್ಲ. ಮುಂದಿನ ಒಂದೆರಡು ಸಾವಿರ ವರ್ಷಗಳಲ್ಲಿ ಆ ಪ್ರದೇಶದ ಊರುಗಳಲ್ಲಿ ಕಣಜ ಮನೆಯ ಒಳಗೆ ಸರಿಯಿತು. ಚತಲ್‌ಹೊಯುಕ್‌ಗೆ ಬರುವ ಹೊತ್ತಿಗೆ ಪ್ರತಿ ಮನೆಯ ಪಕ್ಕದ ಕೋಣೆಯಲ್ಲಿ ಮಣ್ಣಿನ ಗುಡಾಣಗಳ ಸಾಲು. ಅತಿಥಿ ಕೂರುವ ದೊಡ್ಡ ಕೋಣೆಯಲ್ಲಿ ಹಬ್ಬದೂಟಕ್ಕೆ ಕೊಯ್ದ ಕಾಡುಗೂಳಿಗಳ ಕೊಂಬು. ಹಂಚಿ ತಿಂದದ್ದನ್ನು ತೋರಿಸಬೇಕು, ಕೂಡಿಟ್ಟದ್ದನ್ನು ಮರೆಮಾಡಬೇಕು.

ಇಷ್ಟಾದರೂ ಅಲ್ಲಿನ ಮನೆಗಳ ನಡುವೆ ಅರಮನೆ ಎನ್ನುವಂಥದ್ದು ಇಲ್ಲ. ದೇವಾಲಯವೆಂದು ಖಚಿತವಾಗಿ ಹೇಳುವಂಥ ಕಟ್ಟಡವೂ ಇಲ್ಲ. ಸಾವಿರ ವರ್ಷ ಬೇಸಾಯ ಮಾಡಿ, ಕಣಜವನ್ನು ಒಳಗಿಟ್ಟುಕೊಂಡೂ ಊರು ಬಹುಮಟ್ಟಿಗೆ ಸಮನಾಗಿಯೇ ಉಳಿಯಿತು. ಖಾಸಗಿ ಕಣಜ ಅಸಮಾನತೆಗೆ ಬಾಗಿಲು ತೆರೆಯಬಲ್ಲದು, ಅದೊಂದೇ ಸಾಲದು ಎಂಬುದು ಇದರಿಂದ ತಿಳಿಯುತ್ತದೆ.

ಅಸಮಾನತೆಯನ್ನು ಅಳೆಯುವುದು ಹೇಗೆ?

ಅಕ್ಷರವಿಲ್ಲದ ಕಾಲದವರ ಸಂಪತ್ತಿನ ಲೆಕ್ಕಕ್ಕೆ ಪುರಾತತ್ವಜ್ಞರು ಮನೆಯ ನೆಲದ ವಿಸ್ತೀರ್ಣವನ್ನು ಬಳಸುತ್ತಾರೆ. ಅದರಿಂದ ಗಿನಿ ಸೂಚ್ಯಂಕ ತೆಗೆಯುತ್ತಾರೆ. ಎಲ್ಲ ಮನೆಗಳೂ ಒಂದೇ ಅಳತೆಯವಾದರೆ ಸೂಚ್ಯಂಕ 0. ಎಲ್ಲವೂ ಒಂದೇ ಮನೆಯ ಪಾಲಾದರೆ 1ರ ಸಮೀಪ. ಐದು ಮನೆಗಳ ಒಂದು ಊರಿನಲ್ಲಿ ಪ್ರತಿಯೊಂದೂ 20 ಚದರ ಮೀಟರ್ ಇದೆ ಎನ್ನಿ. ಒಟ್ಟು 100, ಗಿನಿ 0. ಅದೇ 100 ಚದರ ಮೀಟರ್ 10, 10, 15, 15, 50 ಎಂದು ಹಂಚಿಹೋದರೆ ಗಿನಿ 0.34. 60ಕ್ಕೂ ಹೆಚ್ಚು ನೆಲೆಗಳನ್ನು ಹೋಲಿಸಿದ 2017ರ ಅಧ್ಯಯನದಲ್ಲಿ ಬೇಟೆ-ಸಂಗ್ರಾಹಕರಿಗೆ ಸಿಕ್ಕ ಮಧ್ಯಮ ಸಂಖ್ಯೆ 0.17, ಸಣ್ಣ ಪ್ರಮಾಣದ ತೋಟ ಬೇಸಾಯದವರಿಗೆ 0.27, ದೊಡ್ಡ ಪ್ರಮಾಣದ ಕೃಷಿಕರಿಗೆ 0.35. ನಮ್ಮ ಕಾಲ್ಪನಿಕ ಊರು ಈ ಕೊನೆಯ ಗುಂಪಿಗೆ ಹತ್ತಿರವಾದದ್ದು.

ಏರಿಕೆ ಬಂದದ್ದು ಯಾವಾಗ? ಬಲ್ಗೇರಿಯಾದ ಪ್ರದೇಶಕ್ಕೆ ಬೇಸಾಯ ತಲುಪಿದ್ದು ಕ್ರಿ.ಪೂ. 6200ರ ಸುಮಾರಿಗೆ. ಅಲ್ಲಿನ ವಾರ್ನಾದ ಮಸಣದಲ್ಲಿ ಒಬ್ಬನೇ ಗಂಡಸಿನ ಗೋರಿಯಲ್ಲಿ ಸುಮಾರು ಒಂದೂವರೆ ಕಿಲೋ ಚಿನ್ನ ಇಟ್ಟದ್ದು ಕ್ರಿ.ಪೂ. 4500ರ ಸುಮಾರಿಗೆ, ಅದೇ ಮಸಣದ ಬಹುತೇಕ ಗೋರಿಗಳಲ್ಲಿ ಚಿನ್ನವೇ ಇಲ್ಲ. ನಡುವೆ ಹೆಚ್ಚು ಕಡಿಮೆ 1,700 ವರ್ಷ. 2025ರ ಅಧ್ಯಯನಗಳಲ್ಲೂ ಇಂಥದೇ ತಡ ಕಾಣುತ್ತದೆ.

ದುಡಿಮೆಯಿಂದ ನೆಲಕ್ಕೆ ಹೊರಳಿದ ಬೆಲೆ

ಈ ತಡಕ್ಕೆ ಪುರಾತತ್ವಜ್ಞೆ ಆಮಿ ಬೊಗಾರ್ಡ್ ಮತ್ತು ಸಂಗಡಿಗರು ಕೊಡುವ ವಿವರಣೆ ಹೀಗಿದೆ. ಮೊದಲ ರೈತರದು ಗುದ್ದಲಿಯ ಬೇಸಾಯ. ಸಣ್ಣ ತುಂಡು ನೆಲ, ಅದಕ್ಕೆ ಗೊಬ್ಬರ, ಕೈಯಿಂದ ಕಳೆ ಕೀಳುವುದು. ಅಲ್ಲಿ ನೆಲಕ್ಕೆ ಬರವಿರಲಿಲ್ಲ, ಕೈಗಳಿಗೆ ಬರ. ಕೈಗಳನ್ನು ಮಗನಿಗೆ ಬಿಟ್ಟುಹೋಗಲಾಗುವುದಿಲ್ಲ. ಹತ್ತು ಪಟ್ಟು ಹೊಲ ಸಿಕ್ಕರೂ ಉಳುವುದಕ್ಕೆ ಹತ್ತು ಪಟ್ಟು ಜನ ಬೇಕು. ಹಾಗಾಗಿ ಒಬ್ಬನ ಗಳಿಕೆ ಅವನ ಕುಟುಂಬದ ದುಡಿಮೆಯ ಎಲ್ಲೆಯನ್ನು ದಾಟುತ್ತಿರಲಿಲ್ಲ.

ಎತ್ತು ಮತ್ತು ನೇಗಿಲು ಈ ಎಲ್ಲೆಯನ್ನು ಮುರಿದವು. ಜೋಡಿ ಎತ್ತು ಇದ್ದವನು ಗುದ್ದಲಿಯವನಿಗಿಂತ ಹಲವು ಪಟ್ಟು ನೆಲ ಉಳಬಲ್ಲ. ಹೆಚ್ಚುವರಿ ಆಳು ಬೇಕಾಗುವುದು ಸುಗ್ಗಿಯ ಕೆಲವು ವಾರಗಳಿಗೆ ಮಾತ್ರ. ಎಕರೆಯ ಇಳುವರಿ ಕಡಿಮೆಯಾದರೂ ಒಟ್ಟು ಕಾಳು ಹೆಚ್ಚು. ಈಗ ನೆಲಕ್ಕೇ ಬರ ಬಂತು. ನೆಲವನ್ನು ಮಕ್ಕಳಿಗೆ ಬಿಟ್ಟುಹೋಗಬಹುದು, ಒತ್ತೆಯಿಡಬಹುದು, ಸಾಲ ತೀರದಿದ್ದರೆ ಕಿತ್ತುಕೊಳ್ಳಬಹುದು. ಎತ್ತು ಸಾಕುವ ಶಕ್ತಿಯಿಲ್ಲದವನು ಬಾಡಿಗೆಗೆ ಎತ್ತು ಕೇಳಬೇಕು. ಉಳ್ಳವನಿಗೂ ಇಲ್ಲದವನಿಗೂ ನಡುವಿನ ಅಂತರ ಪ್ರತಿ ತಲೆಮಾರಿಗೆ ಹಿಗ್ಗುತ್ತದೆ.

ಇದು ಬರೀ ಊಹೆಯಲ್ಲ ಎಂದು ತಿಳಿಯುವುದು ಕಳೆಯ ಬೀಜಗಳಿಂದ. ಹಳೆಯ ಒಲೆಗಳಲ್ಲಿ ಸುಟ್ಟು ಉಳಿದ ಕಾಳಿನ ಜೊತೆ ಕಳೆಯ ಬೀಜವೂ ಇರುತ್ತದೆ. ಗೊಬ್ಬರ ಹಾಕಿ ಆಗಾಗ ಕೆದಕಿದ ನೆಲದಲ್ಲಿ ಬೆಳೆಯುವ ಕಳೆಗಳೇ ಬೇರೆ, ಬಡ ನೆಲದಲ್ಲಿ ವಿಸ್ತಾರವಾಗಿ ಉತ್ತ ಹೊಲದ ಕಳೆಗಳೇ ಬೇರೆ. ಕಾಳಿನಲ್ಲಿ ಸಾರಜನಕದ ಭಾರವಾದ ರೂಪ, ಅಂದರೆ ಅದರ ಭಾರದ ಐಸೋಟೋಪ್ ಹೆಚ್ಚಿದ್ದರೆ ಆ ನೆಲಕ್ಕೆ ಗೊಬ್ಬರ ಬಿದ್ದಿತ್ತು ಎಂದರ್ಥ. ನೊಗ ಹೊತ್ತ ದನದ ಕಾಲ್ಮೂಳೆಗಳ ಮೇಲೆ ಭಾರ ಎಳೆದ ಗುರುತು ಮೂಡುತ್ತದೆ. ಈ ಮೂರೂ ಒಂದೇ ಕಾಲದಲ್ಲಿ ಒಂದೇ ಕಡೆ ತಿರುಗಿದರೆ ಬೇಸಾಯದ ರೀತಿ ಬದಲಾಯಿತೆಂದು ಹೇಳಬಹುದು. ಎಳೆಯುವ ದೊಡ್ಡ ಪಶುಗಳಿಲ್ಲದ ಉತ್ತರ ಮತ್ತು ಮಧ್ಯ ಅಮೆರಿಕದಲ್ಲಿ ಗಿನಿ ಸೂಚ್ಯಂಕ ಯುರೇಷ್ಯಾದಷ್ಟು ಏರಲಿಲ್ಲ ಎಂಬುದೂ ಇದಕ್ಕೆ ಹೊಂದುತ್ತದೆ.

ಎದುರು ವಾದವೂ ಇದೆ. ಧಾನ್ಯ ಒಂದೇ ಕಾಲಕ್ಕೆ ಮಾಗುತ್ತದೆ, ಒಣಗಿಸಿ ಇಡಬಹುದು, ಅಳೆಯಬಹುದು, ಆದ್ದರಿಂದ ಕಸಿದುಕೊಳ್ಳಬಹುದು. ಮರಗೆಣಸನ್ನು ಬೇಕಾದಾಗ ಕಿತ್ತರಾಯಿತು, ಕಿತ್ತ ಮೇಲೆ ಕೆಲವೇ ದಿನಗಳಲ್ಲಿ ಕೆಡುತ್ತದೆ; ಅದರ ಮೇಲೆ ಕಂದಾಯ ಹಾಕುವವನಿಗೆ ಕಷ್ಟ. ಅಸಮಾನತೆಗೆ ಮೂಲ ಹೆಚ್ಚುವರಿ ಇಳುವರಿಯಲ್ಲ, ಕಸಿಯಲು ಬರುವ ಬೆಳೆ ಎಂದು ಈ ಪಕ್ಷ ಹೇಳುತ್ತದೆ. ಬೇಸಾಯವೇ ಇಲ್ಲದ ಉತ್ತರ ಅಮೆರಿಕದ ವಾಯವ್ಯ ಕರಾವಳಿಯಲ್ಲಿ ವಂಶಪಾರಂಪರ್ಯದ ಮುಖಂಡರೂ ಗುಲಾಮರೂ ಇದ್ದರು. ಅಲ್ಲಿ ಹೊಲದ ಜಾಗದಲ್ಲಿದ್ದದ್ದು ಸಾಲ್ಮನ್ ಮೀನು ಹಾಯುವ ಹೊಳೆಯ ಆಯಕಟ್ಟಿನ ತಾಣ ಮತ್ತು ಒಣಗಿಸಿಟ್ಟ ಮೀನು. ಎರಡೂ ವಾದಗಳು ಕಾಣುವಷ್ಟು ದೂರದವಲ್ಲ. ಕಾಪಾಡಿಕೊಳ್ಳಬಹುದಾದ, ಇಟ್ಟುಕೊಳ್ಳಬಹುದಾದ, ಮಕ್ಕಳಿಗೆ ದಾಟಿಸಬಹುದಾದ ಮೂಲ ಕೆಲವರ ಕೈ ಸೇರಿತೇ ಎಂಬುದೇ ಎರಡರಲ್ಲೂ ಪ್ರಶ್ನೆ.

ಸುದ್ದಿಯನ್ನು ಓದುವಾಗ

ಅಸಮಾನತೆ ಅನಿವಾರ್ಯವಲ್ಲ ಎಂಬ 2025ರ ಮಾತಿನ ಅರ್ಥ ಈಗ ಸ್ಪಷ್ಟವಾಗುತ್ತದೆ. ಬೇಸಾಯ ನಿರಪಾಯಕಾರಿ ಎಂದು ಅದು ಹೇಳುತ್ತಿಲ್ಲ. ಬೇಸಾಯಕ್ಕೂ ಸಂಪತ್ತಿನ ಗುಡ್ಡೆಗೂ ನಡುವೆ ಉತ್ತರಾಧಿಕಾರ, ನೆಲದ ಬರ, ಆಡಳಿತದ ನಿಯಮ ಎಂಬ ಕೊಂಡಿಗಳಿವೆ, ಅವು ಊರಿಂದೂರಿಗೆ ಬೇರೆಯಾಗಿದ್ದವು ಎನ್ನುತ್ತಿದೆ. ಚತಲ್‌ಹೊಯುಕ್‌ನ ಡಿಎನ್‌ಎ ಸುದ್ದಿಗೂ ಇಲ್ಲೇ ಜಾಗ. ಮನೆ ಯಾರ ಎಳೆಯಲ್ಲಿ ಸಾಗುತ್ತದೆ ಎಂಬ ನಿಯಮ ಬೇಸಾಯದ ಜೊತೆ ತಾನಾಗಿ ಬರಲಿಲ್ಲ. ಗಂಡುಮಕ್ಕಳು ಉಳಿದು ಹೆಣ್ಣುಮಕ್ಕಳು ಹೊರಹೋಗುವ ಪದ್ಧತಿ ನಂತರದ ಯುರೋಪಿನ ಅನೇಕ ರೈತ ನೆಲೆಗಳಲ್ಲಿ ಕಾಣುತ್ತದೆ, ಇಲ್ಲಿ ಕಾಣುವುದು ಅದಕ್ಕೆ ತಿರುಗುಮುರುಗು. ಆದರೆ ಇದರಿಂದ ಹೆಂಗಸರ ಆಳ್ವಿಕೆ ಇತ್ತು ಎಂದು ತೀರ್ಮಾನಿಸುವಂತಿಲ್ಲ. ವಂಶದ ಎಳೆ ಬೇರೆ, ಅಧಿಕಾರ ಬೇರೆ. ತಲೆಗೆ ಪೆಟ್ಟು ಬಿದ್ದ ಹೆಂಗಸರ ಬುರುಡೆಗಳೂ ಇದೇ ಊರಿನವು.

ಮನೆಯ ಅಳತೆಗೂ ಮಿತಿಯಿದೆ. ದೊಡ್ಡ ಮನೆ ಶ್ರೀಮಂತನದೇ ಆಗಬೇಕಿಲ್ಲ, ಮೂರು ಕುಟುಂಬಗಳು ಸೇರಿ ಇದ್ದದ್ದೂ ಆಗಿರಬಹುದು. ಮೆಕ್ಸಿಕೋದ ತಿಯೋತಿವಾಕಾನ್ ನಗರದಲ್ಲಿ ಹೆಚ್ಚಿನ ಜನ ವಾಸಿಸುತ್ತಿದ್ದುದು ಹಲವು ಕುಟುಂಬಗಳ ಕಲ್ಲಿನ ವಠಾರಗಳಲ್ಲಿ. ಅಲ್ಲಿ ಇಡೀ ವಠಾರವನ್ನು ಒಂದು ಮನೆಯೆಂದು ಎಣಿಸಿದರೆ ಒಂದು ಗಿನಿ ಬರುತ್ತದೆ, ಒಳಗಿನ ಕುಟುಂಬಗಳನ್ನು ಬಿಡಿಸಿ ಎಣಿಸಿದರೆ ಇನ್ನೊಂದು. ಮನೆಯೇ ಇಲ್ಲದವರು, ಯಜಮಾನನ ಮನೆಯಲ್ಲೇ ಮಲಗುವ ಗುಲಾಮರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ದನಕರು, ಹೊಲ, ಸಾಲದ ಬಾಕಿ ಇವೂ ನೆಲದ ವಿಸ್ತೀರ್ಣದಲ್ಲಿ ಕಾಣುವುದಿಲ್ಲ, ಮನೆಗಿಂತ ಹೆಚ್ಚು ಅಸಮವಾಗಿ ಹಂಚಿಹೋಗುವುದು ಸಾಮಾನ್ಯವಾಗಿ ಇವೇ. ಆದ್ದರಿಂದ 0.35 ಎಂಬ ಸಂಖ್ಯೆಯನ್ನು ಆ ಸಮಾಜದ ಪೂರ್ತಿ ಅಸಮಾನತೆ ಎಂದು ಓದಬಾರದು, ಅದರ ಕೆಳಗಿನ ಅಂಚು ಎಂದು ಓದಬೇಕು.